ಡಯಾಬಿಟಿಸ್ ಇಲ್ಲ, ಆದರೂ ಖಾಲಿ ಹೊಟ್ಟೆಯಲ್ಲಿ ಶುಗರ್ ಇಳಿಯುತ್ತಿದೆ: ಕಾರಣ ಹುಡುಕುವ ದಾರಿ

ಡಯಾಬಿಟಿಸ್ ಇಲ್ಲದ, ಇನ್ಸುಲಿನ್ ಆಗಲಿ ಶುಗರ್ ಮಾತ್ರೆ ಆಗಲಿ ತೆಗೆದುಕೊಳ್ಳದ ದೊಡ್ಡವರಿಗೆ ಮತ್ತೆ ಮತ್ತೆ ಶುಗರ್ ಇಳಿದರೆ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಮೆಡಿಸಿನ್ ವಾರ್ಡ್ ನೋಡಿಕೊಳ್ಳುವ ವೈದ್ಯ. ಗದಗ, ಹಾವೇರಿ ಕಡೆಯಿಂದ ಇಂಥವರು ಬರುವಾಗ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಇಇಜಿ ಆಗಿರುತ್ತದೆ, ಮೆದುಳಿನ ಸ್ಕ್ಯಾನ್ ಆಗಿರುತ್ತದೆ, ಕೆಲವೊಮ್ಮೆ ಹೊಟ್ಟೆಯ ಸ್ಕ್ಯಾನ್ ಕೂಡ ಆಗಿರುತ್ತದೆ. ಆದರೆ ಶುಗರ್ ಇಳಿದ ಆ ಗಳಿಗೆಯಲ್ಲಿ ತೆಗೆದ ರಕ್ತದಲ್ಲಿ ಇನ್ಸುಲಿನ್ ಎಷ್ಟಿತ್ತು ಎಂಬ ರಿಪೋರ್ಟ್ ಮಾತ್ರ ಇರುವುದಿಲ್ಲ. ಕಾರಣ ಹೇಳುವುದು ಆ ರಿಪೋರ್ಟೇ.

ಆಳು ಎಚ್ಚರ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ

ಪರೀಕ್ಷೆಯ ಯೋಚನೆ ಆಮೇಲೆ. ಎಚ್ಚರ ಇಲ್ಲದವರ ಬಾಯಿಗೆ ನೀರು, ಸಕ್ಕರೆ, ಚಹಾ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ನುಂಗಲು ಬರುವಷ್ಟು ಎಚ್ಚರ ಇದ್ದರೆ ಮೂರ್ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಿ. ಆಮೇಲೆ ಊಟ ಮಾಡಿಸಿ.

ತುರ್ತು ವಿಭಾಗದಲ್ಲಿ ಇರುವ ವೈದ್ಯರಿಗೆ, ಸಿಸ್ಟರ್‌ಗಳಿಗೆ ಒಂದೇ ಕೋರಿಕೆ. ಡೆಕ್ಸ್‌ಟ್ರೋಸ್ ಕೊಡಲು ಸೂಜಿ ಹಾಕುತ್ತೀರಲ್ಲ, ಅದೇ ಸೂಜಿಯಿಂದ ಡೆಕ್ಸ್‌ಟ್ರೋಸ್ ಹೋಗುವ ಮೊದಲು ಎರಡು ಟ್ಯೂಬ್ ರಕ್ತ ತೆಗೆದಿಡಿ. ಒಂದು ಬೂದು ಮುಚ್ಚಳದ್ದು, ಒಂದು ಕೆಂಪು ಮುಚ್ಚಳದ್ದು. ಇದಕ್ಕೆ ಅರ್ಧ ನಿಮಿಷ ಸಾಕು. ಸಿಗದಿದ್ದರೆ ಬಿಡಿ, ಚಿಕಿತ್ಸೆ ತಡೆಯಬೇಡಿ. ಸಿಕ್ಕರೆ ಮುಂದೆ ಆಸ್ಪತ್ರೆಯ ಉಪವಾಸ ಪರೀಕ್ಷೆಯೇ ಬೇಡವಾಗಬಹುದು.

ಮುಂಜಾನೆ ಎಬ್ಬಿಸಿದರೆ ಗೊಂದಲ, ಸಿಹಿ ಕೊಟ್ಟರೆ ಸರಿ

ಗದಗ ಜಿಲ್ಲೆಯ ಒಬ್ಬ ಹೆಣ್ಣುಮಗಳು, ವಯಸ್ಸು ನಲವತ್ತರ ಮೇಲೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಅವರ ಕತೆ ಹೇಳುತ್ತೇನೆ. ಅವರ ಯಜಮಾನರು ಹೇಳಿದ್ದು ಇಷ್ಟು: "ಮುಂಜಾನೆ ಎಬ್ಬಿಸಿದ್ರ ನನ್ನ ಗುರುತ ಹಿಡಿಯಂಗಿಲ್ರಿ. ಏನೇನೋ ಮಾತಾಡ್ತಾಳ. ಸಕ್ರಿ ಚಹಾ ಕುಡಿಸಿದ ಮ್ಯಾಲ ಏನೂ ಆಗೇ ಇಲ್ಲ ಅನ್ನೋ ಹಂಗ ಎದ್ದು ಕೂಡ್ತಾಳ್ರಿ." ಶ್ರಾವಣ ಸೋಮವಾರ ಉಪವಾಸ ಮಾಡಿದ ದಿನ ಮಧ್ಯಾಹ್ನವೂ ಹೀಗೇ ಆಗಿತ್ತು. ಫಿಟ್ಸ್ ಎಂದು ಮಾತ್ರೆ ಶುರುವಾಗಿತ್ತು, ಗುಣವಾಗಿರಲಿಲ್ಲ. ವರ್ಷದಲ್ಲಿ ತೂಕವೂ ಏರಿತ್ತು. ತಲೆ ತಿರುಗುತ್ತದೆ ಅಂತ ಪದೇ ಪದೇ ಏನಾದರೂ ತಿನ್ನುತ್ತಿದ್ದರು.

ಯಜಮಾನರ ಆ ಮೂರು ಮಾತಿನಲ್ಲಿ ಅರ್ಧ ರೋಗನಿರ್ಣಯ ಇದೆ. ಬೆವರು, ನಡುಕ, ಎದೆ ಡವಡವ ಇವು ಹೆದರಿಕೆಗೂ ಬರುತ್ತವೆ. ಗೊಂದಲ, ಮಾತು ತೊದಲುವುದು, ಕಣ್ಣು ಮಂಜಾಗುವುದು, ಆಮೇಲೆ ಕೇಳಿದರೆ ಏನೂ ನೆನಪಿಲ್ಲದಿರುವುದು, ಇವು ಮೆದುಳಿಗೆ ಸಕ್ಕರೆ ಸಾಲದೆ ಹೋದ ಗುರುತು. ಇವಕ್ಕೆ ಜಾಸ್ತಿ ಬೆಲೆ ಕೊಡಿ. 1930ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಅಲನ್ ವಿಪಲ್ ಇಟ್ಟ ಮೂರು ಷರತ್ತುಗಳನ್ನು ನಾವು ಇಂದಿಗೂ ಬಳಸುತ್ತೇವೆ. ಲಕ್ಷಣ ಇರಬೇಕು, ಅದೇ ಹೊತ್ತಿನಲ್ಲಿ ಲ್ಯಾಬ್ ಶುಗರ್ ಕಡಿಮೆ ಇರಬೇಕು, ಶುಗರ್ ಏರಿಸಿದಾಗ ಲಕ್ಷಣ ಹೋಗಬೇಕು. ಮೂರೂ ಕೂಡಿ ಬಂದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಅರ್ಥ.

ಮನೆಯಲ್ಲಿ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಒಂದು ನೋಟ್‌ಬುಕ್ ಇಡುವುದು. ಎಷ್ಟು ಗಂಟೆಗೆ ಆಯಿತು, ಕೊನೆಯ ಊಟ ಯಾವಾಗ, ಏನು ಕಂಡಿತು, ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಸರಿಯಾಯಿತು. ರೋಗಿಗೆ ಇದು ನೆನಪಿರುವುದಿಲ್ಲ, ಅದಕ್ಕೇ ನೋಡಿದವರು ಬರೆಯಬೇಕು. ಸಾಧ್ಯವಾದರೆ ಆ ಹೊತ್ತಿನ ವಿಡಿಯೋ ಮಾಡಿ.

ಮನೆಯ ಮೀಟರ್‌ನಲ್ಲಿ ಕಡಿಮೆ, ಆದರೆ ಆಳಿಗೆ ಏನೂ ಆಗಿಲ್ಲ

ಇಲ್ಲಿ ಸುಮ್ನೆ ಹೆದರುವವರು ಬಹಳ. ಒಳ್ಳೆಯ ಗ್ಲೂಕೋಮೀಟರ್‌ಗೂ 100ಕ್ಕಿಂತ ಕೆಳಗೆ 15 ಮಿಲಿಗ್ರಾಂ ಆಚೆ ಈಚೆ ತೋರಿಸಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಅಂದರೆ ಮೀಟರ್ 52 ಎಂದಾಗ ನಿಜ 67 ಇರಬಹುದು. ಹಳೇ ಸ್ಟ್ರಿಪ್, ತಣ್ಣಗಿನ ಬೆರಳು ಇದ್ದರೆ ತಪ್ಪು ಇನ್ನೂ ಹೆಚ್ಚು. ತೋಳಿಗೆ ಅಂಟಿಸುವ ಸೆನ್ಸರ್ ರಾತ್ರಿ ಅದರ ಮೇಲೆ ಮಲಗಿದರೂ ಕಡಿಮೆ ತೋರಿಸುತ್ತದೆ. ಮೀಟರ್ ಅನುಮಾನ ಹುಟ್ಟಿಸಲಿಕ್ಕೆ ಸಾಕು, ತೀರ್ಮಾನಕ್ಕೆ ಸಾಲದು.

ಲ್ಯಾಬ್ ಅಂಕಿಯೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ತಾಲ್ಲೂಕಿನ ಕಲೆಕ್ಷನ್ ಸೆಂಟರ್‌ನಲ್ಲಿ ತೆಗೆದ ರಕ್ತ ಬಸ್ಸಿನಲ್ಲೋ ಬೈಕಿನಲ್ಲೋ ಹುಬ್ಬಳ್ಳಿಗೆ ಬರುವ ಹೊತ್ತಿಗೆ ರಕ್ತಕಣಗಳೇ ಅದರ ಸಕ್ಕರೆಯನ್ನು ತಿಂದಿರುತ್ತವೆ. ಬೇರ್ಪಡಿಸದ ರಕ್ತದಲ್ಲಿ ಗಂಟೆಗೆ ಸುಮಾರು ನೂರಕ್ಕೆ ಐದರಿಂದ ಏಳು ಭಾಗ ಇಳಿಯುತ್ತದೆ. ಬಿಳಿ ರಕ್ತಕಣ ಬಹಳ ಜಾಸ್ತಿ ಇದ್ದವರಲ್ಲಿ ಇನ್ನೂ ವೇಗ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಇದನ್ನು ತಡೆಯುತ್ತದೆ, ಆದರೆ ಅದು ಪೂರ್ತಿ ಕೆಲಸ ಮಾಡಲಿಕ್ಕೂ ಒಂದೆರಡು ಗಂಟೆ ಬೇಕು. ಹಾಗಾಗಿ ಟ್ಯೂಬನ್ನು ಐಸ್ ಮೇಲಿಟ್ಟು ಬೇಗ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಲಕ್ಷಣವೇ ಇಲ್ಲದೆ ಲ್ಯಾಬ್ ಶುಗರ್ 48 ಬಂದಿದ್ದರೆ, ಮೊದಲು ಲ್ಯಾಬಿನಲ್ಲೇ ಕುಳಿತು ರಕ್ತ ಕೊಟ್ಟು ಮತ್ತೊಮ್ಮೆ ಮಾಡಿಸಿ.

ಇನ್ನೊಂದು ಮಾತು. ಆರೋಗ್ಯವಂತ ಹೆಣ್ಣುಮಕ್ಕಳಲ್ಲಿ ದೀರ್ಘ ಉಪವಾಸದಲ್ಲಿ ಶುಗರ್ 50ಕ್ಕಿಂತ ಕೆಳಗೆ ಹೋಗುವುದುಂಟು. ಅವರ ದೇಹ ಆಗ ಕೊಬ್ಬು ಕರಗಿಸಿ ಕೀಟೋನ್ ಮಾಡಿಕೊಳ್ಳುತ್ತದೆ, ಮೆದುಳು ಅದರ ಮೇಲೆ ನಡೆಯುತ್ತದೆ, ಲಕ್ಷಣ ಬರುವುದಿಲ್ಲ. ಬರೀ ಕಡಿಮೆ ಅಂಕಿ ಕಾಯಿಲೆ ಅಲ್ಲ.

ಊಟವಾಗಿ ಎರಡು ಮೂರು ಗಂಟೆಗೆ ಮಾತ್ರ ಲಕ್ಷಣ ಬರುತ್ತಿದ್ದರೆ, ಅದರಲ್ಲೂ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಆ ದಾರಿ ಬೇರೆ. ಅದಕ್ಕೆ ಊಟ ಕೊಟ್ಟು ನೋಡುವ ಪರೀಕ್ಷೆ ಇದೆ.

ಮನೆಯಲ್ಲಿ ಬೇರೆಯವರಿಗೆ ಶುಗರ್ ಮಾತ್ರೆ ನಡೆದಿದೆ

ಮನೆಯ ಮಾತ್ರೆಗಳನ್ನೆಲ್ಲ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ, ಎಲ್ಲರೂ ಬಿಟ್ಟುಬಿಡುವ ಪರೀಕ್ಷೆಯೂ ಇದೇ. ಅತ್ತೆಯ ಶುಗರ್ ಮಾತ್ರೆ ಗ್ಲಿಮೆಪಿರೈಡ್, ಸೊಸೆಯ ಬಿಪಿ ಮಾತ್ರೆ, ಎರಡೂ ಒಂದೇ ಡಬ್ಬಿಯಲ್ಲಿ. ಎರಡೂ ಸಣ್ಣವು. ಕಣ್ಣು ಮಂದವಾದ ಹಿರಿಯರು ಡಬ್ಬಿಯಿಂದ ತೆಗೆದು ಕೊಟ್ಟರೆ ಅದಲು ಬದಲಾಗುವುದು ಸುಲಭ. ಔಷಧ ಅಂಗಡಿಯಲ್ಲೂ ಚೀಟಿ ತಪ್ಪಾಗಿ ಓದಿದ್ದುಂಟು. ಆಸ್ಪತ್ರೆಗೆ ಬರುವಾಗ ಮನೆಯ ಎಲ್ಲ ಮಾತ್ರೆಗಳನ್ನು, ಖಾಲಿ ಪಟ್ಟಿಗಳ ಸಮೇತ, ಚೀಲದಲ್ಲಿ ತನ್ನಿ. ಪುಡಿ, ಲೇಹ್ಯ, ಶಕ್ತಿವರ್ಧಕ ಅಂತ ಕೊಟ್ಟದ್ದನ್ನೂ ತನ್ನಿ. 2008ರಲ್ಲಿ ಸಿಂಗಪುರದಲ್ಲಿ ಇಂಥ ಶಕ್ತಿವರ್ಧಕಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಔಷಧಿ ಬೆರೆತಿದ್ದು ಜನ ಸತ್ತದ್ದು ದಾಖಲಾಗಿದೆ.

ನರಕ್ಕೆಂದು ಕೊಡುವ ಮಾತ್ರೆಯಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್ ಇದೆಯೇ ನೋಡಿ. ಕೈಕಾಲು ಜೋಮು ಅಂದರೆ ನಮ್ಮ ಕಡೆ ಬಿ12 ಜೊತೆ ಇದು ಸೇರಿದ ಮಾತ್ರೆ ಸಾಮಾನ್ಯ. ಅಪರೂಪಕ್ಕೆ ಕೆಲವರಲ್ಲಿ ಇದು ತಮ್ಮದೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತದೆ. ಆ ಪ್ರತಿಕಾಯ ಇನ್ಸುಲಿನ್ನನ್ನು ಹಿಡಿದಿಟ್ಟುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಬಿಡುತ್ತದೆ, ಶುಗರ್ ಕುಸಿಯುತ್ತದೆ. ಥೈರಾಯ್ಡ್ ಜಾಸ್ತಿ ಇದ್ದವರು ತಗೊಳ್ಳುವ ಕಾರ್ಬಿಮಜೋಲ್‌ನಿಂದಲೂ ಹೀಗೆ ಆಗಬಹುದು. ಮಾತ್ರೆ ನಿಲ್ಲಿಸಿದರೆ ಬಹಳ ಜನ ತಿಂಗಳುಗಳಲ್ಲಿ ಸರಿಹೋಗುತ್ತಾರೆ. ಆದರೆ ವೈದ್ಯರನ್ನು ಕೇಳದೆ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ.

ಕುಡಿತ ಇದ್ದು ಊಟ ಬಿಟ್ಟವರಲ್ಲಿ ಶುಗರ್ ಇಳಿಯಲು ಬೇರೆ ಕಾರಣ ಹುಡುಕುವ ಮೊದಲು ಅದನ್ನೇ ನೋಡಬೇಕು.

ತೂಕ ಇಳಿದಿದೆ, ಬಿಪಿ ಕಡಿಮೆ, ಯಾವಾಗಲೂ ಸುಸ್ತು

ಉಪವಾಸ ಪರೀಕ್ಷೆಗೆ ಕಳಿಸುವ ಮೊದಲು ಇಲ್ಲಿ ನಿಲ್ಲಿ. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿ, ಎದೆಹಾಲು ಬರದೆ, ಮುಟ್ಟು ಮತ್ತೆ ಶುರುವಾಗದೆ ಇದ್ದವರಲ್ಲಿ ಪಿಟ್ಯುಟರಿ ಗ್ರಂಥಿ ಸತ್ತಿರಬಹುದು. ಟಿಬಿಯಿಂದ ಅಡ್ರಿನಲ್ ಗ್ರಂಥಿ ಹಾಳಾಗಿರಬಹುದು. ಎರಡರಲ್ಲೂ ಕಾರ್ಟಿಸಾಲ್ ಎಂಬ ಹಾರ್ಮೋನು ಇಲ್ಲದೆ ಶುಗರ್ ಇಳಿಯುತ್ತದೆ. ಇಂಥವರನ್ನು ಗೊತ್ತಿಲ್ಲದೆ ಉಪವಾಸ ಕೆಡವಿದರೆ ಜೀವಕ್ಕೆ ಅಪಾಯ. ಮುಂಜಾನೆ ಎಂಟು ಗಂಟೆಯ ಕಾರ್ಟಿಸಾಲ್, ಥೈರಾಯ್ಡ್, ಕ್ರಿಯಾಟಿನಿನ್, ಲಿವರ್ ಪರೀಕ್ಷೆ ಇವು ಊರಿನಲ್ಲೇ ಆಗುತ್ತವೆ. ಇವುಗಳಲ್ಲಿ ಕಾರಣ ಸಿಕ್ಕರೆ ಉಪವಾಸ ಬೇಡ.

ನಮ್ಮ ಗದಗಿನ ಅಮ್ಮನವರಿಗೆ ಇವೆಲ್ಲ ಸರಿಯಾಗಿದ್ದವು. ಮನೆಯಲ್ಲಿ ಶುಗರ್ ಮಾತ್ರೆ ಯಾರಿಗೂ ಇರಲಿಲ್ಲ. ಲ್ಯಾಬಿನಲ್ಲೇ ತೆಗೆದ ಮುಂಜಾನೆಯ ಶುಗರ್ 54 ಬಂತು. ಆಗ ಉಪವಾಸಕ್ಕೆ ದಾಖಲು ಮಾಡಿಕೊಂಡೆವು.

ಕಾರಣ ಸಿಕ್ಕಿಲ್ಲ: ಆಸ್ಪತ್ರೆಯಲ್ಲಿ 72 ಗಂಟೆಯ ಉಪವಾಸ

ಇದನ್ನು ಮನೆಯಲ್ಲಿ ಎಂದಿಗೂ ಮಾಡಬೇಡಿ. "ಏಕಾದಶಿ ಮಾಡ್ತೀನಲ್ರಿ, ರೂಢಿ ಐತಿ" ಎನ್ನುವವರೂ ಮಾಡಬಾರದು. ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು. ಹುಬ್ಬಳ್ಳಿ-ಧಾರವಾಡದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಂಥ ದೊಡ್ಡ ಜಾಗದಲ್ಲಿ, ರಾತ್ರಿಯೂ ಲ್ಯಾಬ್ ನಡೆಯುವಲ್ಲಿ, ಕೈಯಲ್ಲಿ ಸೂಜಿ ಹಾಕಿಟ್ಟು, ಪಕ್ಕದಲ್ಲಿ ಡೆಕ್ಸ್‌ಟ್ರೋಸ್ ಇಟ್ಟುಕೊಂಡು ಮಾಡುವ ಪರೀಕ್ಷೆ ಇದು. ಹೃದಯದ ಕಾಯಿಲೆ, ಲಕ್ವಾ ಆದವರಿಗೆ, ಗರ್ಭಿಣಿಯರಿಗೆ ಮಾಡಬೇಕೋ ಬೇಡವೋ ಎಂದು ಹಿರಿಯ ವೈದ್ಯರು ತೀರ್ಮಾನಿಸಬೇಕು.

ಕೊನೆಯ ತುತ್ತು ತಿಂದ ಗಳಿಗೆಯೇ ಸೊನ್ನೆ ಗಂಟೆ. ಅದನ್ನು ಬರೆದಿಡಬೇಕು. ನೀರು, ಸಕ್ಕರೆ-ಹಾಲು ಇಲ್ಲದ ಚಹಾ ಕುಡಿಯಬಹುದು. ಎಚ್ಚರ ಇರುವಾಗ ವಾರ್ಡಿನಲ್ಲಿ ಓಡಾಡುತ್ತಿರಬೇಕು. ನೋಡಲು ಬಂದ ನೆಂಟರು ಪ್ರೀತಿಯಿಂದ ಬಾಳೆಹಣ್ಣು ಕೊಟ್ಟು ಪರೀಕ್ಷೆ ಕೆಡಿಸುವುದುಂಟು. ಹಾಗಾಗಿ ಜೊತೆಗಿರುವವರಿಗೂ ಎಲ್ಲವನ್ನೂ ಮೊದಲೇ ತಿಳಿಸಬೇಕು.

ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತೇವೆ. ಶುಗರ್ 60ಕ್ಕಿಂತ ಕೆಳಗೆ ಬಂದ ಮೇಲೆ ಒಂದೆರಡು ಗಂಟೆಗೊಮ್ಮೆ. ಪ್ರತಿಸಲವೂ ಗ್ಲೂಕೋಸ್, ಇನ್ಸುಲಿನ್, ಇನ್ಸುಲಿನ್ ಜೊತೆಗೇ ದೇಹ ಬಿಡುವ ಸಿ-ಪೆಪ್ಟೈಡ್ ಮೂರಕ್ಕೂ ಒಂದೇ ಸೂಜಿಯಿಂದ ರಕ್ತ ತೆಗೆದಿಡಬೇಕು. ದುಬಾರಿಯಾದ ಇನ್ಸುಲಿನ್ ಪರೀಕ್ಷೆಯನ್ನು ಎಲ್ಲ ಟ್ಯೂಬಿಗೂ ಮಾಡಬೇಕಿಲ್ಲ. ಶುಗರ್ 60 ಅಥವಾ ಅದಕ್ಕಿಂತ ಕಡಿಮೆ ಬಂದ ಟ್ಯೂಬಿಗೆ ಮಾಡಿದರೆ ಸಾಕು. ಖರ್ಚು ಬಹಳ ಉಳಿಯುತ್ತದೆ.

ಅಮ್ಮನವರು ರಾತ್ರಿ ಎಂಟಕ್ಕೆ ರೊಟ್ಟಿ ಊಟ ಮುಗಿಸಿದರು. ರಾತ್ರಿ ಎರಡಕ್ಕೆ 70. ಮುಂಜಾನೆ ಎಂಟಕ್ಕೆ 63. ಮಧ್ಯಾಹ್ನ ಎರಡಕ್ಕೆ 57. ಮೂರೂವರೆಗೆ 51, ಆಗ ಸ್ವಲ್ಪ ಮಂಕಾಗಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಐದಕ್ಕೆ ವಾರದ ದಿನಗಳನ್ನು ಹಿಂದಿನಿಂದ ಹೇಳಿ ಅಂದರೆ ಗುರುವಾರದಲ್ಲೇ ನಿಂತುಬಿಟ್ಟರು, ಮಗನ ಹೆಸರು ತಪ್ಪಿತು. ಲ್ಯಾಬ್ ಶುಗರ್ 42.

ನಿಲ್ಲಿಸಬೇಕಾದ ಜಾಗ ಇದೇ. ಲಕ್ಷಣದ ಜೊತೆ ಲ್ಯಾಬ್ ಶುಗರ್ 45ಕ್ಕಿಂತ ಕೆಳಗೆ ಬಂದರೆ ನಿಲ್ಲಿಸುತ್ತೇವೆ. ವಿಪಲ್‌ನ ಮೂರೂ ಷರತ್ತು ಮೊದಲೇ ಖಚಿತವಾಗಿದ್ದವರಿಗೆ 55ಕ್ಕಿಂತ ಕೆಳಗೆ ಬಂದರೆ ಸಾಕು. ಏನೂ ಆಗದಿದ್ದರೆ 72 ಗಂಟೆಗೆ ಮುಗಿಯುತ್ತದೆ. ಮೀಟರ್ 44 ಎಂದ ತಕ್ಷಣ, ಆಳು ಚೆನ್ನಾಗಿ ಮಾತಾಡುತ್ತಿದ್ದರೂ, ಗಾಬರಿಯಿಂದ ಸಕ್ಕರೆ ಕೊಟ್ಟುಬಿಡುವುದು ಈ ಪರೀಕ್ಷೆ ಹಾಳಾಗುವ ಸಾಮಾನ್ಯ ಕಾರಣ. ರಕ್ತ ತೆಗೆಯಿರಿ, ಲ್ಯಾಬ್ ಅಂಕಿಗೆ ಕಾಯಿರಿ, ಅಲ್ಲಿಯವರೆಗೆ ಪಕ್ಕದಲ್ಲೇ ಇರಿ. ಫಿಟ್ಸ್ ಬಂದರೆ, ಎಚ್ಚರ ತಪ್ಪುತ್ತಿದ್ದರೆ ಮಾತ್ರ ಯಾವ ಅಂಕಿಗೂ ಕಾಯಬೇಡಿ.

ನಿಲ್ಲಿಸುವಾಗ ಕೊನೆಯ ರಕ್ತ ತೆಗೆದು, 1 ಮಿಲಿಗ್ರಾಂ ಗ್ಲುಕಗಾನ್ ರಕ್ತನಾಳಕ್ಕೆ ಕೊಟ್ಟು, ಹತ್ತು, ಇಪ್ಪತ್ತು, ಮೂವತ್ತು ನಿಮಿಷಕ್ಕೆ ಶುಗರ್ ನೋಡುತ್ತೇವೆ. ಇನ್ಸುಲಿನ್ ಜಾಸ್ತಿ ಇದ್ದವರ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಬೀಗ ಹಾಕಿದಂತೆ ಹಾಗೇ ಉಳಿದಿರುತ್ತದೆ. ಗ್ಲುಕಗಾನ್ ಅದನ್ನು ಹೊರಗೆ ತರುತ್ತದೆ. 25 ಅಥವಾ ಹೆಚ್ಚು ಏರಿದರೆ ಇನ್ಸುಲಿನ್ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಅಮ್ಮನವರಿಗೆ 42ರಿಂದ 79ಕ್ಕೆ ಏರಿತು. ಆಮೇಲೆ ಊಟ ಕೊಟ್ಟೆವು. ಐದೂಮುಕ್ಕಾಲಿಗೆ ಅವರೇ ಮಗನನ್ನು ಹೆಸರು ಹಿಡಿದು ಕರೆದರು.

ಇನ್ಸುಲಿನ್ ರಿಪೋರ್ಟ್ "ನಾರ್ಮಲ್" ಅಂತ ಬಂದಿದೆ

ಇದನ್ನು ನಿಧಾನವಾಗಿ ಓದಿ. ಅಮ್ಮನವರ ಐದು ಗಂಟೆಯ ಟ್ಯೂಬಿನಲ್ಲಿ ಇನ್ಸುಲಿನ್ 14 ಮೈಕ್ರೋಯೂನಿಟ್ ಬಂತು. ರಿಪೋರ್ಟಿನಲ್ಲಿ ಪಕ್ಕಕ್ಕೆ ಅಚ್ಚಾಗಿದ್ದ ಮಿತಿ ಸುಮಾರು 25ರವರೆಗೆ. ದಪ್ಪಕ್ಷರ ಇಲ್ಲ, ಕೆಂಪು ಗುರುತು ಇಲ್ಲ. ಯಾರು ನೋಡಿದರೂ ಸರಿ ಇದೆ ಅಂತಾರೆ.

ಆದರೆ ಆ ಮಿತಿ ಶುಗರ್ 80, 90 ಇರುವವರದ್ದು. ಶುಗರ್ 42 ಇರುವಾಗ ಆರೋಗ್ಯವಂತ ಮೇದೋಜೀರಕ ಇನ್ಸುಲಿನ್ ಸುರಿಸುವುದನ್ನು ನಿಲ್ಲಿಸಿಬಿಟ್ಟಿರಬೇಕು. ಆಗ ಇನ್ಸುಲಿನ್ 3ಕ್ಕಿಂತ ಕೆಳಗಿರಬೇಕು. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲಿಂದಲೋ ಅದು ತಡೆಯಿಲ್ಲದೆ ಬರುತ್ತಿದೆ ಅಂತ ಅರ್ಥ. ಹಾಗಾಗಿ ಶುಗರ್ ಬರೆಯದ ಇನ್ಸುಲಿನ್ ರಿಪೋರ್ಟಿಗೆ ಇಲ್ಲಿ ಬೆಲೆ ಇಲ್ಲ. ಸೋಮವಾರ ಶುಗರ್, ಬುಧವಾರ ಇನ್ಸುಲಿನ್ ಮಾಡಿಸಿ ಎರಡನ್ನೂ ಜೋಡಿಸಿದರೂ ಅದು ಜೋಡಿ ಆಗುವುದಿಲ್ಲ.

ಮುಂದಿನ ಪ್ರಶ್ನೆ, ಆ ಇನ್ಸುಲಿನ್ ಎಲ್ಲಿಂದ ಬಂತು. ನಮ್ಮ ದೇಹ ಇನ್ಸುಲಿನ್ ಮಾಡುವಾಗ ಪ್ರತಿ ಕಣಕ್ಕೂ ಒಂದು ಸಿ-ಪೆಪ್ಟೈಡ್ ಹೊರಬೀಳುತ್ತದೆ. ಸೀಸೆಯ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಇನ್ಸುಲಿನ್ ಜಾಸ್ತಿ, ಸಿ-ಪೆಪ್ಟೈಡ್ 0.6 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಹೊರಗಿನಿಂದ ಚುಚ್ಚಿದ್ದು. ಇದನ್ನು ಮನೆಯವರ ಮುಂದೆ ಜೋರಾಗಿ ಹೇಳಬೇಡಿ. ತಾವೇ ಚುಚ್ಚಿಕೊಂಡವರಿಗೆ ಬೇಕಾಗಿರುವುದು ಮನೋವೈದ್ಯರ ಸಹಾಯ, ಬೈಗುಳ ಅಲ್ಲ. ಬೇರೆಯವರು ಚುಚ್ಚಿದ್ದಾದರೆ ರೋಗಿಯ ರಕ್ಷಣೆಯೇ ಮೊದಲ ಕೆಲಸ.

ಅಮ್ಮನವರ ಸಿ-ಪೆಪ್ಟೈಡ್ 2.1. ಅಂದರೆ ಒಳಗಿನದ್ದೇ. ಕೀಟೋನ್ 0.3 ಮಾತ್ರ. ಇಪ್ಪತ್ತೊಂದು ಗಂಟೆ ಉಪವಾಸವಿದ್ದು ಶುಗರ್ 42ಕ್ಕೆ ಇಳಿದರೂ ಕೀಟೋನ್ ಏರಿಲ್ಲ ಎಂದರೆ ಇನ್ಸುಲಿನ್ ಕೊಬ್ಬು ಕರಗಲು ಬಿಡುತ್ತಿಲ್ಲ. ಉಪವಾಸದ ಕೊನೆಗೆ ಕೀಟೋನ್ 2.7 ದಾಟಿದ್ದರೆ ಇನ್ಸುಲಿನ್ ತಪ್ಪಿತಸ್ಥ ಅಲ್ಲ ಎನ್ನಬಹುದಿತ್ತು.

ಇಷ್ಟಾದರೂ ಮೇದೋಜೀರಕದಲ್ಲಿ ಇನ್ಸುಲಿನ್ ಸುರಿಸುವ ಗಡ್ಡೆ ಇದೆ ಎನ್ನುವಂತಿಲ್ಲ. ಗ್ಲಿಮೆಪಿರೈಡ್ ತಿಂದವರಲ್ಲೂ ಈ ಅಂಕಿಗಳೆಲ್ಲ ಹೀಗೇ ಇರುತ್ತವೆ. ಆ ಮಾತ್ರೆ ಮೇದೋಜೀರಕದಿಂದಲೇ ಇನ್ಸುಲಿನ್ ಹಿಂಡುತ್ತದೆ. ಹಾಗಾಗಿ ಅದೇ ಟ್ಯೂಬಿನಲ್ಲಿ ಶುಗರ್ ಮಾತ್ರೆಗಳ ಅಂಶ ಇದೆಯೇ ಎಂದು ನೋಡಬೇಕು. ಇದು ಎಲ್ಲ ಲ್ಯಾಬಿನಲ್ಲಿ ಆಗುವುದಿಲ್ಲ, ದೊಡ್ಡ ಊರಿಗೆ ಕಳಿಸಬೇಕಾಗುತ್ತದೆ. ಜೊತೆಗೆ ಇನ್ಸುಲಿನ್ ಪ್ರತಿಕಾಯದ ಪರೀಕ್ಷೆಯೂ ಬೇಕು. ಇವಕ್ಕೆ ಸೀರಮ್ ಉಳಿಸಿ ಫ್ರೀಜರಿನಲ್ಲಿ ಇಡಲು ಮೊದಲೇ ಲ್ಯಾಬಿಗೆ ಹೇಳಿಡಿ. ಅಮ್ಮನವರಲ್ಲಿ ಎರಡೂ ಇಲ್ಲ ಎಂದು ಬಂತು.

ಅಂಕಿಗಳು ಒಂದಕ್ಕೊಂದು ಹೊಂದುತ್ತಿಲ್ಲ

ಶುಗರ್ 40, ಸಿ-ಪೆಪ್ಟೈಡ್ ಜಾಸ್ತಿ, ಕೀಟೋನ್ ಕಡಿಮೆ, ಆದರೆ ಇನ್ಸುಲಿನ್ ಮಾತ್ರ ತೀರ ಕಡಿಮೆ ಬಂದರೆ ಟ್ಯೂಬನ್ನು ನೋಡಿ. ಸೀರಮ್ ಕೆಂಪಗಿದೆಯೇ? ರಕ್ತಕಣ ಒಡೆದರೆ ಅದರೊಳಗಿನ ಕಿಣ್ವ ಇನ್ಸುಲಿನ್ನನ್ನು ತಿಂದುಹಾಕುತ್ತದೆ. ಕೈಗೆ ಬಿಗಿಯಾಗಿ ಕಟ್ಟಿ ಸಣ್ಣ ಸೂಜಿಯಿಂದ ಜಗ್ಗಿ ಎಳೆದಾಗ ಹೀಗಾಗುತ್ತದೆ. ಸಿ-ಪೆಪ್ಟೈಡ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಇನ್ಸುಲಿನ್ ನೂರಾರು, ಸಾವಿರ ದಾಟಿ ಬಂದರೆ ಪ್ರತಿಕಾಯದ ಅನುಮಾನ ಮೊದಲು. ಕಿಡ್ನಿ ಕೆಟ್ಟವರಲ್ಲಿ ಸಿ-ಪೆಪ್ಟೈಡ್ ಹೊರಗೆ ಹೋಗದೆ ಹೆಚ್ಚಾಗಿ ಕಾಣುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುವವರಲ್ಲಿ ಕೆಲವು ಯಂತ್ರಗಳು ತಪ್ಪು ಅಂಕಿ ಕೊಡುತ್ತವೆ. ಮೂರೂ ಕಡಿಮೆ ಇದ್ದು, ಅಂದರೆ ಇನ್ಸುಲಿನ್, ಸಿ-ಪೆಪ್ಟೈಡ್, ಕೀಟೋನ್ ಎಲ್ಲವೂ ಇಳಿದಿದ್ದು, ಗ್ಲುಕಗಾನ್‌ಗೆ ಶುಗರ್ ಏರಿದರೆ ಇನ್ಸುಲಿನ್‌ನಂತೆ ನಟಿಸುವ ಬೇರೆ ಹಾರ್ಮೋನು ಬಿಡುವ ದೊಡ್ಡ ಗಡ್ಡೆ ಎದೆಯಲ್ಲೋ ಹೊಟ್ಟೆಯಲ್ಲೋ ಇದೆಯೇ ಎಂದು ಹುಡುಕಬೇಕು.

ಸ್ಕ್ಯಾನ್ ಯಾವಾಗ

ಇನ್ಸುಲಿನ್ ಒಳಗಿನದ್ದೇ, ಮಾತ್ರೆಯಿಂದ ಅಲ್ಲ, ಪ್ರತಿಕಾಯ ಇಲ್ಲ, ಇಷ್ಟು ಖಚಿತವಾದ ಮೇಲೆ. ಮೊದಲು ಮಾಡಿದರೆ ಎರಡು ತೊಂದರೆ. ಇನ್ಸುಲಿನೋಮ ಎಂಬ ಈ ಗಡ್ಡೆ ಹೆಚ್ಚಾಗಿ ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಸಾಮಾನ್ಯ ಸೋನೋಗ್ರಫಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಕಾಣಲಿಲ್ಲ ಅಂತ ಕೈಬಿಡುತ್ತಾರೆ. ಇನ್ನೊಂದು ಕಡೆ, ಸಂಬಂಧವಿಲ್ಲದ ಗಂಟೊಂದು ಕಂಡು, ಅದನ್ನು ಸುಮ್ನೆ ಕೊಯ್ದುಬಿಡುವ ಅಪಾಯ.

ಅಮ್ಮನವರ ಕಾಂಟ್ರಾಸ್ಟ್ ಸಿಟಿಯಲ್ಲಿ ಏನೂ ಕಾಣಲಿಲ್ಲ. ಆದರೆ ಕೈಯಲ್ಲಿ 42ಕ್ಕೆ ಜೋಡಿಯಾದ 14 ಇತ್ತು, ಅದಕ್ಕೇ ಬಿಡಲಿಲ್ಲ. ಬಾಯಿಂದ ಇಳಿಸುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಮೇದೋಜೀರಕದ ಬಾಲದ ಹತ್ತಿರ 1.2 ಸೆಂಟಿಮೀಟರಿನ ಗಡ್ಡೆ ಸಿಕ್ಕಿತು. ಅದರಲ್ಲೂ ಸಿಗದಿದ್ದರೆ ಬೆಂಗಳೂರಿನಂಥ ಕಡೆ ವಿಶೇಷ ಪೆಟ್ ಸ್ಕ್ಯಾನ್‌ಗೆ ಕಳಿಸುತ್ತಿದ್ದೆವು. ಹತ್ತರಲ್ಲಿ ಒಂಬತ್ತು ಇನ್ಸುಲಿನೋಮ ಕ್ಯಾನ್ಸರ್ ಅಲ್ಲ, ತೆಗೆದರೆ ಮುಗಿಯಿತು.

ಆಪರೇಷನ್ ಆಗುವವರೆಗೆ ಅವರು ಮೂರು ಗಂಟೆಗೊಮ್ಮೆ ತಿನ್ನುತ್ತಿದ್ದರು, ಮಲಗುವಾಗಲೂ ರಾತ್ರಿ ಎರಡಕ್ಕೂ ಏನಾದರೂ ತಿನ್ನುತ್ತಿದ್ದರು. ಶುಗರ್ ಹಿಡಿದಿಡಲು ಡಯಜಾಕ್ಸೈಡ್ ಎಂಬ ಔಷಧಿಯೂ ಇದೆ, ಕಾಲು ಬಾವು ಬರುತ್ತದೆಯೇ ಎಂದು ನೋಡುತ್ತಿರಬೇಕು. ಸ್ಕೂಟಿ, ಬಾವಿಯ ಕಟ್ಟೆ, ಒಬ್ಬರೇ ಒಲೆಯ ಮುಂದೆ ನಿಲ್ಲುವುದು, ಮೂರೂ ಬಂದ್. ಗಡ್ಡೆ ತೆಗೆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಹೆದರಬೇಕಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಮೂವತ್ತರೊಳಗಿನವರಿಗೆ ಈ ಗಡ್ಡೆ ಬಂದಿದ್ದರೆ, ಒಂದಕ್ಕಿಂತ ಹೆಚ್ಚು ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಮತ್ತೆ ಮತ್ತೆ ಕಿಡ್ನಿ ಕಲ್ಲು ಆಗುತ್ತಿದ್ದರೆ, ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಮಾಡಿಸಿ. ಹಲವು ಗ್ರಂಥಿಗಳಲ್ಲಿ ಗಡ್ಡೆ ಬರುವ ಒಂದು ಅನುವಂಶಿಕ ಕಾಯಿಲೆ ಇದೆ, ಅದಿದ್ದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕಾಗುತ್ತದೆ.